ಆ್ಯಪ್‌ನಿಂದ ತೆಗೆದರೂ ಬೀಗದಲ್ಲಿ ಉಳಿಯುವ ಕೋಡ್

ಪ್ರಶ್ನೆ: ಬಾಡಿಗೆದಾರರು ಮನೆ ಖಾಲಿ ಮಾಡಿದರು. ಬಾಗಿಲಿನ ಸ್ಮಾರ್ಟ್ ಬೀಗದ ಆ್ಯಪ್‌ನಿಂದ ಅವರ ಹೆಸರು ತೆಗೆದುಹಾಕಿದ್ದೇನೆ. ಅಷ್ಟು ಸಾಕಾ?

ಉತ್ತರ: ಸಾಕಾಗುವುದಿಲ್ಲ. ಆ್ಯಪ್ ಖಾತೆ ಬೇರೆ, ಬಾಗಿಲಿನ ಪಿನ್ ಕೋಡ್ ಬೇರೆ. ಹೆಸರು ತೆಗೆದರೆ ಅವರ ಫೋನಿನಿಂದ ಬೀಗ ತೆರೆಯುವುದು ನಿಲ್ಲುತ್ತದೆ. ಆದರೆ ಹೆಚ್ಚಿನ ಸ್ಮಾರ್ಟ್ ಬೀಗಗಳು ಕೋಡನ್ನು ತಮ್ಮೊಳಗೇ ಇಟ್ಟುಕೊಳ್ಳುತ್ತವೆ. ಅನೇಕ ಬೀಗಗಳಲ್ಲಿ ಅದನ್ನು ಕೋಡ್‌ಗಳ ಪಟ್ಟಿಗೆ ಹೋಗಿ ಬೇರೆಯಾಗಿ ಅಳಿಸಬೇಕು.

ಇಲ್ಲೇ ಜಾಸ್ತಿ ಜನ ಎಡವುವುದು. ನೀವು ಅಳಿಸುವಾಗ ಬೀಗಕ್ಕೆ ವೈಫೈ ಸಿಗದಿದ್ದರೆ, ಆ ಆದೇಶ ಅದಕ್ಕೆ ತಲುಪುವುದೇ ಇಲ್ಲ. ಮನೆ ಖಾಲಿ ಮಾಡುವವರು ರೌಟರ್ ಆಫ್ ಮಾಡಿ ಹೋಗುವುದು ಸಾಮಾನ್ಯ, ಅಲ್ವಾ? ಆಗ ಹಳೇ ಕೋಡ್ ಹಾಗೇ ಕೆಲಸ ಮಾಡುತ್ತಿರುತ್ತದೆ. ಆದ್ದರಿಂದ ಬಾಗಿಲ ಹತ್ತಿರ ನಿಂತು, ಬ್ಲೂಟೂತ್ ಇದ್ದರೆ ಅದರ ಮೂಲಕವೇ ಅಳಿಸಿ. ಆಮೇಲೆ ಹಳೇ ಕೋಡನ್ನು ನೀವೇ ಒತ್ತಿ ನೋಡಿ. ಬೀಗ ತೆರೆಯದಿದ್ದರೆ ಮಾತ್ರ ನಂಬಿ.

ಮುಂದಿನ ಸಲ ಅವಧಿ ಇರುವ ಕೋಡ್ ಕೊಡಿ. ಅತಿಥಿ ಶುಕ್ರವಾರ ಮಧ್ಯಾಹ್ನ 2ಕ್ಕೆ ಬಂದು ಭಾನುವಾರ ಬೆಳಗ್ಗೆ 11ಕ್ಕೆ ಹೊರಡುತ್ತಾರೆ ಎಂದುಕೊಳ್ಳಿ. ಅಷ್ಟೇ ಸಮಯ ಹಾಕಿ, ಕೊನೆಗೆ ಒಂದು ಗಂಟೆ ಸೇರಿಸಿ. ಬೀಗದ ಗಡಿಯಾರ ಸರಿಯಿದೆಯಾ ನೋಡಿಕೊಳ್ಳಿ. ಬ್ಯಾಟರಿ ತೀರಾ ಇಳಿದು ಸಮಯ ತಪ್ಪಿದ್ದರೆ, ಅತಿಥಿ ಹೊರಗೇ ನಿಲ್ಲಬೇಕಾಗಬಹುದು.

ಇನ್ನೊಂದು ಮಾತು. ಖಾಲಿ ಮಾಡಿದ ಬಾಡಿಗೆದಾರರಿಗೆ ಅಡ್ಮಿನ್ ಹಕ್ಕು ಕೊಟ್ಟಿದ್ದಿರಾ? ಹಾಗಿದ್ದರೆ ಅವರು ಬೇರೆಯವರನ್ನು ಸೇರಿಸಿರಬಹುದು. ಸದಸ್ಯರ ಪಟ್ಟಿಯನ್ನು ಪೂರ್ತಿ ಓದಿ.