ಏಳು ‘ಯತ್’, ಎಂಟು ಮೂರ್ತಿ

*ಮಾನ್ಯ ಸಂಪಾದಕರೇ, ಕಾಳಿದಾಸನ ಶಾಕುಂತಲದ ನಾಂದೀಶ್ಲೋಕವನ್ನು ಕನ್ನಡಕ್ಕೆ ತರಲು ಯತ್ನಿಸುತ್ತಿದ್ದೇನೆ. ಪದಗಳ ಅರ್ಥ ತಿಳಿದಿದೆ. ಆದರೆ ಒಂದು ಮಾತು ಎಲ್ಲಿ ಮುಗಿದು ಮುಂದಿನದು ಎಲ್ಲಿ ಆರಂಭವಾಗುತ್ತದೆಂದು ಗೊತ್ತಾಗುತ್ತಿಲ್ಲ. ‘ಯಾವುದು... ಯಾವುದು...’ ಎಂದು ಬರೆದರೆ ಕನ್ನಡವೇ ಅಲ್ಲವೆನ್ನಿಸುತ್ತದೆ. ದಾರಿ ತೋರಿಸುವಿರಾ?*
*– ಓದುಗರೊಬ್ಬರು*

ಪ್ರಿಯ ಓದುಗರೇ,

ಶ್ಲೋಕವನ್ನು ಮೊದಲು ಕಣ್ಣೆದುರು ಇಟ್ಟುಕೊಳ್ಳೋಣ.

ಯಾ ಸೃಷ್ಟಿಃ ಸ್ರಷ್ಟುರಾದ್ಯಾ ವಹತಿ ವಿಧಿಹುತಂ ಯಾ ಹವಿರ್ಯಾ ಚ ಹೋತ್ರೀ
ಯೇ ದ್ವೇ ಕಾಲಂ ವಿಧತ್ತಃ ಶ್ರುತಿವಿಷಯಗುಣಾ ಯಾ ಸ್ಥಿತಾ ವ್ಯಾಪ್ಯ ವಿಶ್ವಮ್ |
ಯಾಮಾಹುಃ ಸರ್ವಬೀಜಪ್ರಕೃತಿರಿತಿ ಯಯಾ ಪ್ರಾಣಿನಃ ಪ್ರಾಣವಂತಃ
ಪ್ರತ್ಯಕ್ಷಾಭಿಃ ಪ್ರಪನ್ನಸ್ತನುಭಿರವತು ವಸ್ತಾಭಿರಷ್ಟಾಭಿರೀಶಃ ||

ಇದನ್ನು ಕೊನೆಯ ಪಾದದಿಂದ ಬಿಡಿಸಲು ತೊಡಗಿ. ‘ಯಾವುದು’ ಎಂಬರ್ಥದ ‘ಯತ್’ ಬಂದಲ್ಲಿ ‘ಅದು’ ಎಂಬರ್ಥದ ‘ತತ್’ ಬರಲೇಬೇಕು, ಅವೆರಡರ ಸಂಬಂಧ ನಿತ್ಯವಾದದ್ದು ಎಂದು ಸಂಸ್ಕೃತ ಪಂಡಿತರು ಹೇಳುತ್ತಾರೆ. ಇಲ್ಲಿ ‘ಯತ್’ನ ರೂಪಗಳು ಏಳಿವೆ, ಅವಕ್ಕೆಲ್ಲ ಉತ್ತರವಾಗಿ ‘ತತ್’ನ ರೂಪ ಒಂದೇ: ‘ತಾಭಿಃ’. ಅದರ ಜೊತೆಯಲ್ಲೇ ‘ಅಷ್ಟಾಭಿಃ’, ‘ತನುಭಿಃ’ ಇವೆ. ಮುಖ್ಯವಾಕ್ಯ ಇಷ್ಟೇ: ಆ ಎಂಟು ಪ್ರತ್ಯಕ್ಷ ಶರೀರಗಳಿಂದ ಕೂಡಿದ ಈಶನು ನಿಮ್ಮನ್ನು ಕಾಪಾಡಲಿ. ‘ತನು’ ಸ್ತ್ರೀಲಿಂಗವಾದ್ದರಿಂದಲೇ ನೀರು, ಬೆಂಕಿ, ಯಜಮಾನ, ಗಾಳಿ ಎಲ್ಲವೂ ಸ್ತ್ರೀಲಿಂಗದಲ್ಲಿ ಬಂದಿವೆ, ಯಜಮಾನನೂ ‘ಹೋತ್ರೀ’ ಆಗಿದ್ದಾನೆ. ಯತ್ ಶಬ್ದವು ಲಿಂಗವನ್ನು ‘ತನು’ವಿನಿಂದ ಪಡೆದರೂ ವಿಭಕ್ತಿಯನ್ನು ತನ್ನ ಉಪವಾಕ್ಯದಿಂದಲೇ ಪಡೆಯುತ್ತದೆ. ಹಾಗಾಗಿ ಒಂದೆಡೆ ‘ಯಾ’, ಒಂದೆಡೆ ‘ಯಾಮ್’, ಇನ್ನೊಂದೆಡೆ ‘ಯಯಾ’.

ನೀವು ತೊಡಕಿಗೆ ಸಿಕ್ಕಿದ್ದು ಮೊದಲ ಪಾದದಲ್ಲೇ ಇರಬೇಕು. ‘ಯಾ’ ಎಂಬುದು ಉಪವಾಕ್ಯದ ಬಾಗಿಲಲ್ಲೇ ನಿಂತಿರುತ್ತದೆಂದು ನಂಬಿದರೆ ‘ವಹತಿ’ ಮೊದಲ ‘ಯಾ’ಗೆ ಅಂಟಿಕೊಂಡು, ನೀರೇ ಹವಿಸ್ಸನ್ನು ಹೊರುವಂತಾಗುತ್ತದೆ. ಆಗ ಎರಡನೆಯ ‘ಯಾ’ ಕ್ರಿಯಾಪದವಿಲ್ಲದೆ ಅನಾಥವಾಗುತ್ತದೆ. ತಪ್ಪಾಗಿದೆ ಎಂಬುದಕ್ಕೆ ಅದೇ ಗುರುತು. ‘ಸ್ರಷ್ಟುರಾದ್ಯಾ’ ಎಂಬಲ್ಲಿಗೆ ನೀರಿನ ಮಾತು ಮುಗಿಯಿತು. ‘ವಹತಿ ವಿಧಿಹುತಂ ಯಾ ಹವಿಃ’ ಎಂಬಷ್ಟೂ ಅಗ್ನಿಯದು, ಅದರ ‘ಯಾ’ ನಡುವೆ ಕುಳಿತಿದೆ. ಆಕಾಶದ ಉಪವಾಕ್ಯದಲ್ಲೂ ಹೀಗೆಯೇ: ‘ಶ್ರುತಿವಿಷಯಗುಣಾ’ ಎಂಬ ಬಹುವ್ರೀಹಿ ‘ಯಾ’ಗಿಂತ ಮುಂಚೆಯೇ ಬಂದುಬಿಟ್ಟಿದೆ. ಅದನ್ನು ವಿಗ್ರಹಿಸಿದರೆ ‘ಯಸ್ಯಾಃ’ ಎಂಬ ಇನ್ನೊಂದು ಯತ್ ಹೊರಬರುತ್ತದೆ. ಸಮಾಸದೊಳಗೂ ಅದೇ ರಚನೆ ಅಡಗಿರುವುದು ನನಗೆ ಬಹಳ ಇಷ್ಟ.

ಇನ್ನು ‘ಯೇ’. ಪುಲ್ಲಿಂಗ ಬಹುವಚನದ ರೂಪವೂ ಇದೇ ಆದ್ದರಿಂದ ‘ಯಾರು’ ಎಂದು ಓದುವ ಅಪಾಯವಿದೆ. ಪಕ್ಕದ ‘ದ್ವೇ’, ಮುಂದಿನ ‘ವಿಧತ್ತಃ’ ಎರಡೂ ದ್ವಿವಚನ. ಬಹುವಚನವಾಗಿದ್ದರೆ ‘ವಿದಧತಿ’ ಇರುತ್ತಿತ್ತು. ಸೂರ್ಯಚಂದ್ರರಿಬ್ಬರೂ ಈ ಒಂದೇ ಪದದಲ್ಲಿದ್ದಾರೆ, ಅದಕ್ಕಾಗಿಯೇ ಏಳು ಯತ್‌ಗಳು ಎಂಟು ಮೂರ್ತಿಗಳಾಗುವುದು. ಅನುವಾದ ಮುಗಿದ ಮೇಲೆ ಎಣಿಸಿ ನೋಡಿ. ಎಂಟು ಬರದಿದ್ದರೆ ಎಲ್ಲೋ ಎರಡು ಉಪವಾಕ್ಯಗಳು ಕೂಡಿಕೊಂಡಿವೆ, ಇಲ್ಲವೇ ಈ ಜೋಡಿ ಒಂದಾಗಿದೆ.

ಕನ್ನಡದ ಪ್ರಶ್ನೆ ಇದಕ್ಕಿಂತ ಸೂಕ್ಷ್ಮವಾದದ್ದು. ‘ಯಾವುದು ಮೊದಲ ಸೃಷ್ಟಿಯೋ ಅದು’ ಎಂಬ ರಚನೆ ನಮ್ಮಲ್ಲಿ ಇಲ್ಲದ್ದೇನಲ್ಲ, ಒಮ್ಮೆ ಬಂದರೆ ಚೆನ್ನಾಗಿಯೇ ಇರುತ್ತದೆ. ಏಳು ಸಲ ಬಂದರೆ ಕಿವಿ ಸೋಲುತ್ತದೆ. ಕನ್ನಡದ ಸಹಜ ದಾರಿ ‘ಹವಿಸ್ಸನ್ನು ಹೊರುವ ಅಗ್ನಿ’ ಎಂಬಂಥ ಕೃದಂತ. ಆದರೆ ಅದರ ನಂತರ ನಾಮಪದವೊಂದು ಬೇಕು. ಕವಿ ನೀರು, ಅಗ್ನಿ, ಗಾಳಿ ಎಂದು ಒಂದರ ಹೆಸರನ್ನೂ ಹೇಳಿಲ್ಲ. ಕೇಳುವವನು ಒಂದೊಂದನ್ನೂ ತಾನೇ ಗುರುತಿಸುತ್ತ ಬಂದು ‘ತಾಭಿಃ’ ಎಂಬಲ್ಲಿ ಎಲ್ಲವನ್ನೂ ಒಟ್ಟಿಗೆ ಪಡೆಯಬೇಕು. ಹೆಸರು ಸೇರಿಸಿದ ಅನುವಾದ ಆ ಒಗಟನ್ನು ಒಡೆದುಬಿಡುತ್ತದೆ. ಆದ್ದರಿಂದ ‘ಹೊರುವುದು’, ‘ಆದುದು’ ಎಂಬ ರೂಪಗಳನ್ನು ನಾನು ಆರಿಸಿಕೊಳ್ಳುತ್ತೇನೆ. ಇವಕ್ಕೆ ‘ಯಾವುದು’ ಬೇಡ, ಹೆಸರೂ ಬೇಡ.

ಇವುಗಳಲ್ಲೂ ಒಂದು ಕೊರತೆಯಿದೆ: ಯತ್‌ನ ವಿಭಕ್ತಿಯನ್ನು ಇವು ನುಂಗಿಬಿಡುತ್ತವೆ. ‘ಯಯಾ’ ತೃತೀಯಾ, ‘ಯಾವುದರಿಂದ’ ಎಂದು ಅರ್ಥ. ಬರಿಯ ‘ಪ್ರಾಣಿಗಳು ಉಸಿರಾಡುವುದು’ ಎಂದರೆ ಅದು ಗಾಳಿಯೋ ಉಸಿರಾಟದ ಕ್ರಿಯೆಯೋ ತಿಳಿಯದು. ಅಲ್ಲಿ ‘ಕಾರಣವಾದುದು’ ಎಂಬ ಪದವನ್ನು ತಂದೇ ತೃತೀಯೆಯನ್ನು ಉಳಿಸಬೇಕು. ಭೂಮಿಯನ್ನು ಹೇಳುವ ‘ಯಾಮಾಹುಃ’ ಸುಲಭ, ‘ಎನಿಸಿಕೊಂಡುದು’ ಎಂಬ ಒಳ್ಳೆಯ ಪದ ನಮ್ಮಲ್ಲಿದೆ.

ಕನ್ನಡದಲ್ಲೂ ಮುಖ್ಯಕ್ರಿಯೆ ಕೊನೆಗೇ ಬರುವುದರಿಂದ ಶ್ಲೋಕದ ಕ್ರಮವನ್ನು ಕದಲಿಸಬೇಕಾಗಿಲ್ಲ. ನನ್ನ ಯತ್ನ ಹೀಗಿದೆ:

ಸೃಷ್ಟಿಕರ್ತನ ಮೊದಲ ಸೃಷ್ಟಿಯಾದುದು, ವಿಧಿಯಂತೆ ಹೋಮಿಸಿದ ಹವಿಸ್ಸನ್ನು ಹೊರುವುದು, ಆ ಹೋಮವನ್ನು ಮಾಡುವುದು, ಕಾಲವನ್ನು ನಿಯಮಿಸುವ ಎರಡು, ಕಿವಿಗೆ ವಿಷಯವಾದ ಗುಣವನ್ನು ಹೊಂದಿ ವಿಶ್ವವನ್ನು ವ್ಯಾಪಿಸಿ ನಿಂತಿರುವುದು, ಬೀಜಗಳಿಗೆಲ್ಲ ಮೂಲವೆನಿಸಿಕೊಂಡುದು, ಪ್ರಾಣಿಗಳು ಪ್ರಾಣವುಳ್ಳವಾಗಿರಲು ಕಾರಣವಾದುದು – ಪ್ರತ್ಯಕ್ಷವಾದ ಆ ಎಂಟು ಮೂರ್ತಿಗಳಿಂದ ಕೂಡಿದ ಈಶನು ನಿಮ್ಮನ್ನು ಕಾಪಾಡಲಿ.

‘ಆ ಹೋಮವನ್ನು ಮಾಡುವುದು’ ಎಂಬಲ್ಲಿ ಯಜಮಾನನು ನಪುಂಸಕವಾಗಿರುವುದು ನನ್ನನ್ನು ಇನ್ನೂ ಕಾಡುತ್ತಿದೆ. ‘ಮಾಡುವವನು’ ಎಂದರೆ ಎಂಟರ ಸಾಲಿನಿಂದ ಅವನೊಬ್ಬ ಹೊರಗೆ ಬೀಳುತ್ತಾನೆ. ನಿಮಗೆ ಇದಕ್ಕಿಂತ ಒಳ್ಳೆಯ ಪದ ಹೊಳೆದರೆ ಬರೆಯಿರಿ.

– ಸಂಪಾದಕ