ಡೈ ಬಾಕ್ಸಿನ ಮೇಲೆ 6.3 ಅಂತಿದ್ದರೆ: ಮೊದಲು ಮಟ್ಟ, ಆಮೇಲೆ ಛಾಯೆ

"ಬಾಕ್ಸ್ ಮೇಲೆ 6.3 ಅಂತ ಇದೆ, ಚಿತ್ರದಲ್ಲಿ ಒಳ್ಳೆ ಬಂಗಾರದ ಕಂದು. ನನ್ನದು ಕಪ್ಪು ಕೂದಲು, ಕಿವಿ ಹತ್ತಿರ ಬೆಳ್ಳಗಾಗಿದೆ. ಹಚ್ಚಿದ್ರೆ ಚಿತ್ರದಲ್ಲಿರೋ ಥರಾನೇ ಬರುತ್ತಾ?"

ಬರಲ್ಲ. ಕಪ್ಪು ಕೂದಲು ಒಂದು ಥರ ಆಗುತ್ತದೆ, ಬಿಳಿ ಕೂದಲು ಇನ್ನೊಂದು ಥರ ಆಗುತ್ತದೆ. ಚಿತ್ರದಲ್ಲಿರುವ ಬಣ್ಣ ಎರಡರಲ್ಲೂ ಸಿಗುವುದಿಲ್ಲ. ಪಾರ್ಲರಿನಲ್ಲಿ ನಾನು ದಿನಾ ನೋಡುವ ವಿಷಯ ಇದು, ಸ್ವಲ್ಪ ಬಿಡಿಸಿ ಬರೆಯುತ್ತೇನೆ.

ಚುಕ್ಕೆಗೆ ಮೊದಲಿರುವ 6 ಮಟ್ಟ. ಅಂದರೆ ಬಣ್ಣ ಎಷ್ಟು ಗಾಢ, ಎಷ್ಟು ತಿಳಿ ಅನ್ನುವುದು. 1 ಅಚ್ಚ ಕಪ್ಪು. 3 ಗಾಢ ಕಂದು, 4 ಕಂದು, 5 ತಿಳಿ ಕಂದು. 10ಕ್ಕೆ ಬಂದರೆ ತೀರಾ ತಿಳಿಯಾದ ಬ್ಲಾಂಡ್. ನೀವು ಹಿಡಿದಿರುವ 6 ಈ ಲೆಕ್ಕದಲ್ಲಿ ಕಂದೇ ಅಲ್ಲ, ಗಾಢ ಬ್ಲಾಂಡ್. ಚುಕ್ಕೆ ಆದ ಮೇಲೆ ಬರುವ 3 ಛಾಯೆ. ನಿಮ್ಮ ಬಾಕ್ಸಿನಲ್ಲಿ ಅದು ಬಂಗಾರದ್ದು.

ಇದೇ ಪ್ರಶ್ನೆಗೆ ಇಲ್ಲಿ ಮೊದಲು ಉತ್ತರ ಬರೆದ ಒಬ್ಬರು ಸರ್ 6.3 ಅಂದರೆ ಪೆರಾಕ್ಸೈಡ್ ಪರ್ಸೆಂಟ್ ಅಂದಿದ್ದಾರೆ. ಹಾಗಲ್ಲ ಸರ್. ಡೈಗೆ ಕಲಸುವ ಪೆರಾಕ್ಸೈಡ್ ದ್ರವಕ್ಕೆ ಡೆವಲಪರ್ ಅನ್ನುತ್ತಾರೆ, ಅದರ ಬಾಟಲಿ ಮೇಲೆ 6% ಅಂತ ಇರುವುದುಂಟು, ಅದನ್ನೇ 20 ವಾಲ್ಯೂಮ್ ಅಂತಲೂ ಕರೆಯುತ್ತಾರೆ. ಆದರೆ ಅದು ಬಾಟಲಿಯ ಲೆಕ್ಕ, ಬಾಕ್ಸಿನ ಮುಂಭಾಗದಲ್ಲಿರುವುದು ಬಣ್ಣದ ಲೆಕ್ಕ. ಎರಡೂ ಕಡೆ 6 ಬಂದಿರುವುದು ಕಾಕತಾಳೀಯ ಅಷ್ಟೇ.

ಈಗ ಮುಖ್ಯ ವಿಷಯ. ನಿಮ್ಮ ಕೂದಲು ಯಾವ ಮಟ್ಟದಲ್ಲಿದೆ ಅಂತ ಮೊದಲು ನೋಡಿಕೊಳ್ಳಿ. ಎಣ್ಣೆ ಇಲ್ಲದ, ಒಣಗಿದ ಕೂದಲು ಬೇಕು, ಯಾಕೆಂದರೆ ಒದ್ದೆ ಕೂದಲು ಇರುವುದಕ್ಕಿಂತ ಕಪ್ಪಾಗಿ ಕಾಣುತ್ತದೆ. ಹಗಲು ಬೆಳಕಿನಲ್ಲಿ ಕಿಟಕಿ ಪಕ್ಕ ನಿಂತು, ಒಂದು ಎಳೆ ಎತ್ತಿ ಹಿಂದೆ ಬಿಳಿ ಹಾಳೆ ಹಿಡಿದು ಬುಡದ ಹತ್ತಿರ ನೋಡಿ. ನಮ್ಮಲ್ಲಿ "ಕಪ್ಪು" ಅನ್ನುವ ಹೆಚ್ಚಿನ ಕೂದಲು 1ರಿಂದ 3ರ ಒಳಗೇ ಇರುತ್ತದೆ. ನಿಮ್ಮದು 2 ಅಂದುಕೊಳ್ಳೋಣ.

2ರಿಂದ 6ಕ್ಕೆ ಹೋಗಬೇಕಾದರೆ ನಾಲ್ಕು ಮೆಟ್ಟಿಲು ಹತ್ತಬೇಕು. 20 ವಾಲ್ಯೂಮಿನ ಡೆವಲಪರ್ ಒಂದೆರಡು ಮೆಟ್ಟಿಲು ಹತ್ತಿಸುತ್ತದೆ, ಅಷ್ಟೇ. ಹಾಗಾಗಿ ನೀವು 3ರಲ್ಲೋ 4ರಲ್ಲೋ ನಿಂತುಬಿಡುತ್ತೀರಿ. ಆ ಮಟ್ಟದಲ್ಲಿ ಕಪ್ಪು ಕೂದಲಿನ ಒಳಗಿನಿಂದ ಹೊರಗೆ ಬರುವ ಬಣ್ಣ ಕೆಂಪು. ಇನ್ನೂ ಮೇಲೆ ಹೋದರೆ ಕಿತ್ತಳೆ, ಅದರಾಚೆ ಹಳದಿ. ಅದರ ಮೇಲೆ ಡೈಯಲ್ಲಿರುವ ಬಂಗಾರ ಬೇರೆ ಸೇರುತ್ತದೆ. ಬಂಗಾರ ಬೇಕು ಅಂತ .3 ತಂದವರಿಗೆ ಕೆಂಪು ಸಿಗುವುದು ಹೀಗೆ. ಡೈ ಕೆಟ್ಟದ್ದು ಅಂತ ಅಲ್ಲ.

ಬಿಳಿ ಕೂದಲಿನಲ್ಲಿ ಇದು ಉಲ್ಟಾ. ಅಲ್ಲಿ ಹತ್ತಿಸಬೇಕಾದ್ದು ಏನೂ ಇಲ್ಲ, ಟ್ಯೂಬಿನ ಬಣ್ಣ ಹಾಗೇ ಕೂರುತ್ತದೆ. ಅದರಲ್ಲೂ ಬರೀ ಬಂಗಾರದ ಛಾಯೆ ಬಿಳಿ ಕೂದಲನ್ನು ಪೂರ್ತಿ ಮುಚ್ಚುವುದಿಲ್ಲ, ಹೊಳೆಯುತ್ತದೆ.

ಒಂದು ಸಲ ನಡೆದದ್ದು ಹೇಳುತ್ತೇನೆ. ಒಬ್ಬರು ನಿಮ್ಮ ಥರಾನೇ 6.3 ಬಾಕ್ಸ್ ಹಿಡಿದುಕೊಂಡು ಬಂದರು. ಕೂದಲು ಸುಮಾರು 2, ಕಿವಿಯ ಮೇಲೆ ಹೆಚ್ಚು ಬಿಳಿ. ಪೂರ್ತಿ ಹಚ್ಚುವ ಮೊದಲು ಎರಡು ಎಳೆಗಳಿಗೆ ಮಾತ್ರ ಹಚ್ಚಿದೆ: ಕತ್ತಿನ ಹತ್ತಿರದ ಕಪ್ಪು ಎಳೆ ಒಂದು, ಕಿವಿ ಮೇಲಿನ ಬಿಳಿ ಎಳೆ ಒಂದು. ಬಾಕ್ಸಿನಲ್ಲಿ ಹೇಳಿದಷ್ಟೇ ಹೊತ್ತು ಬಿಟ್ಟು ತೊಳೆದು ಒಣಗಿಸಿದೆ. ಕಪ್ಪು ಎಳೆ ಒಳಗೆ ನೋಡಿದರೆ ಕಪ್ಪೇ, ಬಾಗಿಲ ಹೊರಗೆ ಬಿಸಿಲಿಗೆ ಹಿಡಿದರೆ ಕೆಂಪು ಮಿಶ್ರಿತ ಕಂದು. ಬುಡದ ಅರ್ಧ ಇಂಚು ಮಾತ್ರ ಉಳಿದದ್ದಕ್ಕಿಂತ ಎದ್ದು ಕಾಣುತ್ತಿತ್ತು, ಯಾಕೆಂದರೆ ತಲೆಯ ಬಿಸಿಗೆ ಅಲ್ಲಿ ಡೈ ಬೇಗ ಕೆಲಸ ಮಾಡುತ್ತದೆ. ಬಿಳಿ ಎಳೆ ಹಳದಿ ಬಂಗಾರ. ಎರಡನ್ನೂ ಪಕ್ಕಪಕ್ಕ ಇಟ್ಟು ತೋರಿಸಿದೆ.

ಆಮೇಲೆ ಒಂದೇ ಕಂಪನಿಯ, ಒಂದೇ ಸರಣಿಯ 4 ಮತ್ತು 5.3 ಅರ್ಧರ್ಧ ತೂಕ ಮಾಡಿ ಕಲಸಿ ಹಚ್ಚಿದೆ. ಚುಕ್ಕೆ ಇಲ್ಲದ ಬರೀ 4 ಬಿಳಿಯನ್ನು ಮುಚ್ಚುತ್ತದೆ, 5.3 ಸ್ವಲ್ಪ ಬಂಗಾರ ಕೊಡುತ್ತದೆ. ಬಿಳಿ ಕೂದಲು ಬೆಚ್ಚನೆಯ ಕಂದಾಯಿತು, ಕಪ್ಪಿನ ಜೊತೆ ಹೊಂದಿಕೊಂಡಿತು. ಆದರೆ ಅವರಿಗೆ ಪೂರ್ತಿ ಸಮಾಧಾನ ಆಗಲಿಲ್ಲ. ಇನ್ನೂ ತಿಳಿ ಬೇಕಿತ್ತು ಅಂದರು. ಕಪ್ಪು ಕೂದಲು ಅಷ್ಟು ತಿಳಿ ಆಗಬೇಕಾದರೆ ಮೊದಲು ಬ್ಲೀಚ್ ಮಾಡಬೇಕು, ಅದಕ್ಕೆ ಅವರು ಒಪ್ಪಲಿಲ್ಲ.

ನಿಮಗೂ ನಾನು ಹೇಳುವುದು ಅದೇ ಮಿಶ್ರಣ. ಮನೆಯಲ್ಲಿ ಎರಡು ಬಾಕ್ಸ್ ಕಲಸುವುದು ರಗಳೆ ಅನಿಸಿದರೆ ಬರೀ 4 ತಗೊಳ್ಳಿ. ತಿಳಿ ಬೇಕು ಅಂತ 30, 40 ವಾಲ್ಯೂಮ್ ಡೆವಲಪರ್ ಬೇರೆ ಕೊಂಡು ಸೇರಿಸಬೇಡಿ. ಬುಡ ಇನ್ನೂ ಕೆಂಪಗಾಗುತ್ತದೆ, ನೆತ್ತಿ ಉರಿಯುತ್ತದೆ. ಇನ್ನೊಂದು, ಹಿಂದೆ ಕಪ್ಪು ಡೈ ಹಚ್ಚಿದ ಕೂದಲಿದ್ದರೆ 6.3 ಅದನ್ನು ತಿಳಿ ಮಾಡುವುದೇ ಇಲ್ಲ. ಡೈ ಡೈಯನ್ನು ತೆಗೆಯಲ್ಲ. ಹೊಸದಾಗಿ ಬಂದ ಬುಡ ಮಾತ್ರ ಬದಲಾಗಿ ಪಟ್ಟಿ ಥರ ಕಾಣುತ್ತದೆ. ನೀವು ಹಚ್ಚಿದ್ದೀರಾ ಅಂತ ಬರೆದಿಲ್ಲ.

"3 ಅಂದ್ರೆ ಯಾವ ಕಂಪನಿ ಆದ್ರೂ ಬಂಗಾರವೇ" ಅಂದ ಅಕ್ಕನ ಮಾತು ಅರ್ಧ ಸರಿ. ಲೋರಿಯಲ್ ಮತ್ತು ವೆಲ್ಲಾದಲ್ಲಿ 3 ಬಂಗಾರವೇ. ಶ್ವಾರ್ಜ್‌ಕಾಫ್‌ನ ಇಗೋರಾದಲ್ಲಿ ಬಂಗಾರಕ್ಕೆ 5. ಅದೇ 5 ಲೋರಿಯಲ್‌ನಲ್ಲಿ ಮಹಾಗನಿ. 6ರ ಕಥೆ ಇನ್ನೂ ಗೋಜಲು: ಲೋರಿಯಲ್‌ನಲ್ಲಿ ಕೆಂಪು, ವೆಲ್ಲಾದಲ್ಲಿ ನೇರಳೆ, ಇಗೋರಾದಲ್ಲಿ ಚಾಕೊಲೇಟ್. ಮಟ್ಟದ ಅಂಕೆ ಹೆಚ್ಚುಕಡಿಮೆ ಎಲ್ಲ ಕಡೆ ಒಂದೇ ಅರ್ಥ ಕೊಡುತ್ತದೆ, ಛಾಯೆಯ ಅಂಕೆ ಕೊಡಲ್ಲ. ಕಂಪನಿ ಬದಲಿಸುವಾಗ ಅಂಕೆ ನೋಡಿ ಕೊಳ್ಳಬೇಡಿ, ಪಕ್ಕದಲ್ಲಿರುವ ಬಣ್ಣದ ಹೆಸರು ಓದಿ.

ಚುಕ್ಕೆ ಆದ ಮೇಲೆ ಎರಡು ಅಂಕೆ ಇದ್ದರೆ ಮೊದಲನೆಯದು ಮುಖ್ಯ, ಎರಡನೆಯದು ಅದಕ್ಕಿಂತ ಕಡಿಮೆ. 6.34ರಲ್ಲಿ ಬಂಗಾರ ಮುಂದೆ, ತಾಮ್ರ ಹಿಂದೆ. 6.33 ಅಂದರೆ ಬಂಗಾರ ಇನ್ನೂ ಜಾಸ್ತಿ. 6.03ರಲ್ಲಿ ಬಂಗಾರ ಬರೀ ಒಂದು ಸುಳಿವು, ಬಿಳಿ ಕೂದಲು ಇರುವವರಿಗೆ ಇದು 6.3ಗಿಂತ ಎಷ್ಟೋ ವಾಸಿ. ಕೆಲವು ಬಾಕ್ಸಿನಲ್ಲಿ ಚುಕ್ಕೆಯೇ ಇರಲ್ಲ. ಕ್ಯಾಸ್ಟಿಂಗ್ ಕ್ರೀಮ್ ಗ್ಲಾಸ್‌ನ ಬರ್ಗಂಡಿ 316 ಅಂತ ಇರುತ್ತದಲ್ವಾ, ಅದನ್ನು 3.16 ಅಂತಲೇ ಓದಬೇಕು. ಅದರ ಮಟ್ಟ 3, ಅಂದರೆ ನಮ್ಮ ಕೂದಲಿಗೆ ಹತ್ತಿರದ್ದು.

"ಕೆಂಪು ಬೇಡ ಅಂದ್ರೆ .1 ತಗೊಳ್ಳಿ" ಅಂತ ಇನ್ನೊಬ್ಬರು ಬರೆದಿದ್ದಾರೆ. ಬೂದು ಛಾಯೆ ಕಿತ್ತಳೆಯನ್ನು ತಗ್ಗಿಸುತ್ತದೆ, ಅದು ನಿಜ. ಆದರೆ ಬಿಳಿ ಕೂದಲ ಮೇಲೆ ಬರೀ .1 ಹಚ್ಚಿದರೆ ಮಂಕಾಗಿ, ಬೂದಿ ಹಿಡಿದ ಹಾಗೆ ಕಾಣಬಹುದು. ನಿಮ್ಮ ಕಿವಿ ಪಕ್ಕಕ್ಕೆ ನಾನಾದರೆ ಹಚ್ಚಲ್ಲ. ಅವರ ಕೂದಲಲ್ಲಿ ಬಿಳಿ ಇಲ್ಲ ಅನಿಸುತ್ತದೆ, ಅವರಿಗೆ ಸರಿಹೋಗಿರಬಹುದು.

ಯಾವ ಅಂಕೆಯೇ ಆಗಲಿ, ಹಚ್ಚುವ 48 ಗಂಟೆ ಮೊದಲು ಬಾಕ್ಸಿನಲ್ಲಿ ಹೇಳಿದ ಹಾಗೆ ಚರ್ಮದ ಮೇಲೆ ಪರೀಕ್ಷೆ ಮಾಡಿ. ತುರಿಕೆ, ಊತ ಬಂದರೆ ಬಾಕ್ಸ್ ಪಕ್ಕಕ್ಕಿಡಿ.

ಮದರಂಗಿ ಮೇಲೆ ಇದನ್ನು ಹಚ್ಚಬಹುದಾ ಅಂತ ಕೇಳಿದ ತಂಗಿಗೆ: ನಿಮ್ಮ ಪ್ರಶ್ನೆ ಬೇರೆಯೇ. ಬರೀ ಮದರಂಗಿ ಎಲೆ ಪುಡಿಯಾದರೆ ಹಚ್ಚಬಹುದು, ಬಣ್ಣ ಮಾತ್ರ ತಾಮ್ರದ ಕಡೆ ವಾಲುತ್ತದೆ. ಕಪ್ಪು ಮೆಹಂದಿ ಅಂತ ಮಾರುವ ಪ್ಯಾಕೆಟ್ ಆಗಿದ್ದರೆ ಒಳಗೆ ಏನಿದೆ ಅಂತ ಗೊತ್ತಾಗದೆ ನಾನು ಹ್ಞೂಂ ಅನ್ನಲಾರೆ, ಲೋಹದ ಲವಣ ಇದ್ದರೆ ಪೆರಾಕ್ಸೈಡ್ ಜೊತೆ ಕೂದಲು ಬಿಸಿಯಾಗಿ ಹಾಳಾಗಬಹುದು. ಪ್ಯಾಕೆಟ್ ಹಿಂಭಾಗದ ಫೋಟೋ ಇಲ್ಲೇ ಹಾಕಿ, ನೋಡಿ ಹೇಳುತ್ತೇನೆ.