ಗ್ರೂಪ್ ಡಿಸ್ಕಷನ್, ಅಂದರೆ ಜಿಡಿಯಲ್ಲಿ ಮಾತಿನ ನಡುವೆ ಸೇರುವುದು

"ಪೊನ್ನಂಪೇಟೆಯಲ್ಲಿ ಓದ್ತಿದ್ದೀನಿ. ಕ್ಯಾಂಪಸ್ ಜಿಡಿಯಲ್ಲಿ ಎಲ್ಲರೂ ಮಾತಾಡ್ತಿದ್ರೆ ನಾನು ಹೇಗೆ ನುಗ್ಗಲಿ? ಕೊನೆಗೆ ಸಮ್ಮರಿ ಹೇಳಿ ಅಂದ್ರೆ ಏನು ಮಾಡ್ಲಿ?"

ನುಗ್ಗಬೇಡಿ. ಮಾತಾಡುತ್ತಿರುವವರ ವಾಕ್ಯ ಮುಗಿಯುವುದನ್ನೇ ಕಾಯ್ದು, ಅವರ ಮಾತನ್ನೇ ಹಿಡಿದು ಸೇರಿಕೊಳ್ಳಿ. ವಿಷಯ ಕೊಡಗಿನ ಹೋಮ್‌ಸ್ಟೇ ಅಂದುಕೊಳ್ಳಿ. ಒಬ್ಬರು ಆದಾಯದ ಬಗ್ಗೆ ಹೇಳಿ ಉಸಿರು ತೆಗೆದುಕೊಂಡ ಕೂಡಲೇ, "ಐ ಅಗ್ರೀ ಅಬೌಟ್ ದಿ ಇನ್‌ಕಮ್. ಮೇ ಐ ಆ್ಯಡ್ ಎ ಪಾಯಿಂಟ್ ಆನ್ ವೇಸ್ಟ್?" ಅನ್ನಿ. ಅಷ್ಟು ಕೇಳಿ ಸುಮ್ನೆ ಕಾಯಬೇಡಿ, ಬೇರೆಯವರು ಶುರು ಮಾಡಿಬಿಡುತ್ತಾರೆ. ಅದೇ ಉಸಿರಲ್ಲಿ ಕಸದ ಮಾತಿಗೆ ಬನ್ನಿ.

ಪೆನ್ನು ಬಳಸಲು ಬಿಟ್ಟರೆ, ಯಾರು ಏನಂದರು ಅಂತ ಪರ, ವಿರೋಧ ಎರಡು ಸಾಲಲ್ಲಿ ಗೀಚಿಕೊಳ್ಳಿ. ಸಮ್ಮರಿಗೆ ಅಷ್ಟು ಸಾಕು: "ಮೋಸ್ಟ್ ಆಫ್ ಅಸ್ ಫೆಲ್ಟ್ ಹೋಮ್‌ಸ್ಟೇಸ್ ಹೆಲ್ಪ್ ಫ್ಯಾಮಿಲೀಸ್. ಸಮ್ ವರ್ ವರೀಡ್ ಅಬೌಟ್ ವೇಸ್ಟ್." ಇಲ್ಲಿ ಹೊಸ ಪಾಯಿಂಟ್ ಹಾಕಬೇಡಿ. ಗುಂಪು ಒಮ್ಮತಕ್ಕೆ ಬರದಿದ್ದರೆ ಬಂದಿಲ್ಲ ಅಂತಲೇ ಹೇಳಿ.